ಬಲ್ಕ್ ಮಿಲ್ಕ್ ಕೂಲರ್ ಸರಬರಾಜು ಟೆಂಡರ್: ತಾಂತ್ರಿಕ ವಿವರಣೆ ಮತ್ತು ಪೂರೈಕೆ ನಿಬಂಧನೆಗಳ ಕುರಿತು ಸ್ಪಷ್ಟೀಕರಣ

ಬೆಂಗಳೂರು
ದಿನಾಂಕ: 17-01-2025

ಇವರಿಗೆ,
ವ್ಯವಸ್ಥಾಪಕ ನಿರ್ದೇಶಕರು ಹಾಗೂ ಟೆಂಡರ್ ಆಹ್ವಾನಿಸುವ ಪ್ರಾಧಿಕಾರಿಗಳು,
ಜಿಲ್ಲಾ ಸಹಕಾರಿ ಹಾಲು ಒಕ್ಕೂಟ

ವಿಷಯ: 2,000 ಲೀಟರ್ ಸಾಮರ್ಥ್ಯದ 24 ಬಲ್ಕ್ ಮಿಲ್ಕ್ ಕೂಲರ್ ಘಟಕಗಳ ಸರಬರಾಜು, ಅಳವಡಿಕೆ ಮತ್ತು ಚಾಲನೆ – ತಾಂತ್ರಿಕ ಬಿಡ್ ಬಗ್ಗೆ ಕೇಳಿರುವ ಸ್ಪಷ್ಟೀಕರಣ.
ಉಲ್ಲೇಖ: ತಮ್ಮ ಖರೀದಿ ವಿಭಾಗದ ಪತ್ರ, ದಿನಾಂಕ 13-01-2025.

ಮಾನ್ಯರೇ,

ಉಲ್ಲೇಖಿತ ಪತ್ರದ ಐದು ಪ್ರಶ್ನೆಗಳಿಗೆ ನಮ್ಮ ಉತ್ತರವನ್ನು ಈ ಮೂಲಕ ಸಲ್ಲಿಸುತ್ತಿದ್ದೇವೆ. ಇಲ್ಲಿ ಹೇಳಿರುವ ಯಾವ ಮಾತೂ ನಮ್ಮ ಆರ್ಥಿಕ ಬಿಡ್‌ನ ದರವನ್ನಾಗಲಿ, ಟೆಂಡರ್ ನಿಬಂಧನೆಗಳಿಗೆ ನಾವು ಕೊಟ್ಟಿರುವ ಒಪ್ಪಿಗೆಯನ್ನಾಗಲಿ ಬದಲಿಸುವುದಿಲ್ಲ. ಯಾವುದನ್ನೂ ಷರತ್ತು ಎಂದು ಪರಿಗಣಿಸಬಾರದಾಗಿ ಮೊದಲೇ ವಿನಂತಿಸುತ್ತೇವೆ.

ಟೆಂಡರ್‌ನಲ್ಲಿ ಐಎಸ್‌ಒ 5708ರ ‘ಬಿ’ ತಾಪಮಾನ ವರ್ಗವನ್ನು ಕೇಳಿರುವಾಗ ನಾವು ‘ಎ’ ವರ್ಗದ ಘಟಕ ಕೊಡಮಾಡಿರುವುದು ವಿವರಣೆಯಿಂದ ಹೊರಗುಳಿದಂತಾಗುವುದಿಲ್ಲವೇ ಎಂಬುದು ಮೊದಲ ಪ್ರಶ್ನೆ. ಹಾಗಾಗುವುದಿಲ್ಲ. ‘ಬಿ’ ವರ್ಗದ ಘಟಕವು ಹೊರಗಿನ ಉಷ್ಣಾಂಶ 32 ಡಿಗ್ರಿ ಸೆಲ್ಸಿಯಸ್ ಇದ್ದಾಗ ನಿಗದಿತ ಅವಧಿಯಲ್ಲಿ ಹಾಲನ್ನು ತಂಪು ಮಾಡಿ, 38 ಡಿಗ್ರಿಯವರೆಗೆ ಸುರಕ್ಷಿತವಾಗಿ ಓಡಬೇಕು; ‘ಎ’ ವರ್ಗದ ಘಟಕಕ್ಕೆ ಇವೇ ಮಿತಿಗಳು 38 ಮತ್ತು 43 ಡಿಗ್ರಿ. ಎರಡು ಹೊತ್ತಿನ ಹಾಲಿನ ಘಟಕ ಎಂಬುದೂ, ಅರ್ಧ ಸಾಮರ್ಥ್ಯದ, ಅಂದರೆ 1,000 ಲೀಟರ್ ಹಾಲನ್ನು 35 ಡಿಗ್ರಿಯಿಂದ 4 ಡಿಗ್ರಿಗೆ ಮೂರು ಗಂಟೆಯೊಳಗೆ ಇಳಿಸಬೇಕು ಎಂಬುದೂ ಎರಡರಲ್ಲೂ ಒಂದೇ. ಹೀಗಾಗಿ ತಾವು ಕೇಳಿದ್ದೆಲ್ಲವೂ ನಾವು ಕೊಡಮಾಡಿರುವ ಘಟಕದಲ್ಲಿ ಅಡಕವಾಗಿದೆ. ತಮ್ಮ ಜಿಲ್ಲೆಯಲ್ಲಿ ಏಪ್ರಿಲ್ ಮತ್ತು ಮೇ ತಿಂಗಳ ಸಂಜೆ ಹಾಲು ಬರುವ ಹೊತ್ತಿಗೂ ಬಿಸಿಲಿನ ಝಳ ಇಳಿದಿರುವುದಿಲ್ಲ. ಆ ಕಾರಣಕ್ಕಾಗಿಯೇ, ದರದಲ್ಲಿ ಅದನ್ನು ಸೇರಿಸಿಕೊಂಡೇ, ಈ ವರ್ಗವನ್ನು ಆರಿಸಿಕೊಂಡಿದ್ದೇವೆ.

ಆದರೆ ವರ್ಗ ಯಾವುದಿದ್ದರೂ ಕಂಡೆನ್ಸರ್‌ಗೆ ಗಾಳಿ ಆಡದಿದ್ದರೆ ಪ್ರಯೋಜನವಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕಾಗಿದೆ. ಹಿಂದೊಮ್ಮೆ ನಾವು ಅಳವಡಿಸಿದ್ದ ಒಂದು ಸಂಘದಲ್ಲಿ ಘಟಕವು ದಿನವೂ ಸಂಜೆ ಐದರ ಸುಮಾರಿಗೆ ನಿಂತುಹೋಗುತ್ತಿತ್ತು. ನಮ್ಮ ತಂತ್ರಜ್ಞರು ಹೋಗಿ ನೋಡಿದಾಗ ಕಂಡೆನ್ಸರ್‌ನ ಮುಂದೆ ಒಂದು ಗೇಣೂ ಜಾಗ ಬಿಡದೆ ಪಶು ಆಹಾರದ ಚೀಲಗಳನ್ನು ಆಳೆತ್ತರಕ್ಕೆ ಪೇರಿಸಿಟ್ಟಿದ್ದರು. ರೆಕ್ಕೆಗಳ ಸಂದಿನಲ್ಲಿ ಹೊಟ್ಟು ಮೆತ್ತಿಕೊಂಡು, ಒತ್ತಡ ಏರಿ, ಸುರಕ್ಷತಾ ಸ್ವಿಚ್ ತಾನಾಗಿ ಬೀಳುತ್ತಿತ್ತು. ಚೀಲ ತೆಗೆಸಿ, ರೆಕ್ಕೆಗಳನ್ನು ತೊಳೆದ ಮೇಲೆ ತೊಂದರೆ ಮರುಕಳಿಸಲಿಲ್ಲ. ಆದ್ದರಿಂದ ಕಂಡೆನ್ಸರ್ ಸುತ್ತ ಒಂದು ಮೀಟರ್ ಜಾಗವನ್ನು ನೆಲದ ಮೇಲೆ ಹಳದಿ ಪಟ್ಟಿಯಿಂದ ಗುರುತಿಸಿ ಕೊಡುವುದನ್ನು ನಮ್ಮ ಅಳವಡಿಕೆ ಕೆಲಸದಲ್ಲೇ ಸೇರಿಸಿದ್ದೇವೆ. ಇದಕ್ಕೆ ಪ್ರತ್ಯೇಕ ಶುಲ್ಕವಿಲ್ಲ.

ಎರಡನೆಯ ಪ್ರಶ್ನೆ ತೊಟ್ಟಿಯ ಒಳಗೋಡೆಯ ದಪ್ಪದ್ದು. ಟೆಂಡರ್‌ನಲ್ಲಿ 2 ಮಿ.ಮೀ. ಎಂದಿದ್ದರೆ ನಮ್ಮ ಕರಪತ್ರದಲ್ಲಿ 1.5 ಮಿ.ಮೀ. ಎಂದಿದೆ. ಇದು ನಮ್ಮಿಂದಾದ ತಪ್ಪು. ಲಗತ್ತಿಸಿದ್ದ ಕರಪತ್ರ 1,000 ಲೀಟರ್ ಮಾದರಿಯದು. 2,000 ಲೀಟರ್ ಮಾದರಿಯ ಒಳಗೋಡೆ ಎಐಎಸ್‌ಐ 304 ದರ್ಜೆಯ 2 ಮಿ.ಮೀ. ತುಕ್ಕುರಹಿತ ಉಕ್ಕಿನದು, ನಾವು ಸಹಿ ಮಾಡಿ ಸಲ್ಲಿಸಿರುವ ತಾಂತ್ರಿಕ ಹೊಂದಾಣಿಕೆ ಪಟ್ಟಿಯಲ್ಲಿಯೂ ಹಾಗೆಯೇ ನಮೂದಾಗಿದ್ದು, ಅದೇ ನಮ್ಮನ್ನು ಬದ್ಧಗೊಳಿಸುತ್ತದೆ. ತಪಾಸಣೆಗೆ ಬರುವ ತಮ್ಮ ಎಂಜಿನಿಯರ್ ಅವರು ಯಾವುದೇ ತೊಟ್ಟಿಯನ್ನು ಆರಿಸಿ ದಪ್ಪವನ್ನು ಅಳೆಯಬಹುದು. ಉಕ್ಕಿನ ಕಾರ್ಖಾನೆಯ ಪರೀಕ್ಷಾ ಪ್ರಮಾಣಪತ್ರಗಳನ್ನು ಆಗ ಹಾಜರುಪಡಿಸುತ್ತೇವೆ.

ವೋಲ್ಟೇಜ್ ಏರಿಳಿತದ ಬಗೆಗಿನ ಮೂರನೆಯ ಪ್ರಶ್ನೆಗೆ ಉತ್ತರ ಹೀಗಿದೆ: ಕಂಪ್ರೆಸರ್‌ಗಳು 415 ವೋಲ್ಟ್‌ಗಿಂತ ಶೇ. 10ರಷ್ಟು ಹೆಚ್ಚು ಅಥವಾ ಕಡಿಮೆ ಇರುವ ಮೂರು ಫೇಸ್ ವಿದ್ಯುತ್ತಿನಲ್ಲಿ ನೇರವಾಗಿ ಓಡುತ್ತವೆ. ನಮ್ಮ ಬಿಡ್‌ನಲ್ಲಿ ಸೇರಿರುವ ಸರ್ವೋ ಸ್ಟೆಬಿಲೈಸರ್ 340ರಿಂದ 480 ವೋಲ್ಟ್‌ವರೆಗಿನ ಏರಿಳಿತವನ್ನು ಸರಿದೂಗಿಸುತ್ತದೆ. ಅದಕ್ಕೂ ಕೆಳಗಿಳಿದರೆ ಘಟಕ ತಾನಾಗಿ ನಿಂತು, ಜನರೇಟರ್ ಹಾಕುವಂತೆ ಸೂಚಕ ದೀಪ ಉರಿಯುತ್ತದೆ. ಪ್ರತಿ ತೊಟ್ಟಿಗೂ ಪ್ರತ್ಯೇಕವಾಗಿ ಓಡುವ ಎರಡು ಕಂಡೆನ್ಸಿಂಗ್ ಯೂನಿಟ್‌ಗಳಿರುವುದರಿಂದ ಒಂದು ಕೆಟ್ಟರೂ ಹಾಲು ತಂಪಾಗುತ್ತಲೇ ಇರುತ್ತದೆ, ಆದರೆ ಹಿಡಿಯುವ ಸಮಯ ಸುಮಾರು ಎರಡರಷ್ಟಾಗುತ್ತದೆ.

ಅಳತೆ ಕಡ್ಡಿಯ ನಿಖರತೆ ಕುರಿತ ನಾಲ್ಕನೆಯ ಪ್ರಶ್ನೆಯನ್ನು ತಾವು ಕೇಳಿದ್ದು ನಮಗೆ ಸಮಾಧಾನ ತಂದಿದೆ, ಏಕೆಂದರೆ ಇದು ನೇರವಾಗಿ ಉತ್ಪಾದಕರ ಹಣದ ವಿಷಯ. ಕಾರ್ಖಾನೆಯಲ್ಲಿ ಎಷ್ಟೇ ಸರಿಯಾಗಿ ಗುರುತು ಹಾಕಿದ್ದರೂ ತೊಟ್ಟಿ ಕೂತ ನೆಲ ಒಂದು ಬದಿಗೆ ತುಸು ವಾಲಿದರೆ ಕಡ್ಡಿಯ ಓದು ತಪ್ಪುತ್ತದೆ. ಆದ್ದರಿಂದ ಸ್ಥಳದಲ್ಲಿ ಮಟ್ಟಗೋಲಿನಿಂದ ತೊಟ್ಟಿಯನ್ನು ಸಮ ಮಾಡಿ, ಕಾಲುಗಳ ತಿರುಪನ್ನು ಬಿಗಿದು, ಮುದ್ರೆಯುಳ್ಳ ಅಳತೆ ಪಾತ್ರೆಯಿಂದ ನೂರು ನೂರು ಲೀಟರ್ ನೀರು ತುಂಬುತ್ತಾ ಕಡ್ಡಿಯ ಓದನ್ನು ಬರೆದುಕೊಳ್ಳುತ್ತೇವೆ. ಸಂಘದ ಕಾರ್ಯದರ್ಶಿ ಹಾಗೂ ತಮ್ಮ ಪ್ರತಿನಿಧಿಯ ಎದುರಿನಲ್ಲೇ ಇದು ನಡೆಯಬೇಕು. ಇಬ್ಬರ ಸಹಿಯಿರುವ ಆ ತೊಟ್ಟಿಯದೇ ಪಟ್ಟಿಯನ್ನು ಗೋಡೆಗೆ ಹಾಕುತ್ತೇವೆ. ಒಂದು ತೊಟ್ಟಿಯ ಪಟ್ಟಿಯನ್ನು ಇನ್ನೊಂದಕ್ಕೆ ಬಳಸುವುದಿಲ್ಲ.

ಕೊನೆಯದಾಗಿ ಪೂರೈಕೆಯ ವಿಷಯ. ಟೆಂಡರ್‌ನ 90 ದಿನಗಳ ಬದಲು 60 ದಿನಗಳಲ್ಲಿ ಎಲ್ಲ 24 ಘಟಕಗಳನ್ನೂ ಕೊಡಬಹುದೇ ಎಂದು ಕೇಳಿದ್ದೀರಿ. ಬೇಸಿಗೆಗೆ ಮುಂಚೆ ಘಟಕಗಳು ಓಡಬೇಕೆಂಬ ತಮ್ಮ ಕಾಳಜಿ ನಮಗೆ ಅರ್ಥವಾಗುತ್ತದೆ. ಆದರೂ ಆಗುವುದಿಲ್ಲವೆಂದೇ ಉತ್ತರಿಸಬೇಕಾಗಿದೆ. ಪ್ರತಿ ತೊಟ್ಟಿಯನ್ನೂ ನೀರು ತುಂಬಿ, ಪೂರ್ಣ ತಂಪಾಗಿಸಿ ನೋಡಿದ ನಂತರವೇ ಕಾರ್ಖಾನೆಯಿಂದ ಹೊರಗೆ ಕಳಿಸುತ್ತೇವೆ. ಆ ಪರೀಕ್ಷೆಯನ್ನು ಮೊಟಕುಗೊಳಿಸಿದರೆ ಮಾತ್ರ 60 ದಿನ ಸಾಧ್ಯ, ಮತ್ತು ಅದನ್ನು ನಾವು ಮಾಡಲಾರೆವು. ಬದಲಿಗೆ ಸರಬರಾಜು ಆದೇಶ ತಲುಪಿದ 45ನೆಯ ದಿನಕ್ಕೆ ಎಂಟು, 65ನೆಯ ದಿನಕ್ಕೆ ಇನ್ನೆಂಟು, 90ನೆಯ ದಿನದೊಳಗೆ ಉಳಿದ ಎಂಟು ಘಟಕಗಳನ್ನು ತಲುಪಿಸುತ್ತೇವೆ. ಹಾಲು ಹೆಚ್ಚು ಬರುವ, ಇಂದು ಕ್ಯಾನುಗಳಲ್ಲಿ ದೂರದ ಶೀತಲೀಕರಣ ಕೇಂದ್ರಕ್ಕೆ ಸಾಗಿಸುತ್ತಿರುವ ಎಂಟು ಸಂಘಗಳನ್ನು ತಾವೇ ಗುರುತಿಸಿ ಕೊಟ್ಟರೆ ಮೊದಲ ಕಂತು ಅಲ್ಲಿಗೇ ಹೋಗುತ್ತದೆ. ವಿಳಂಬ ದಂಡದ ನಿಬಂಧನೆಯು 90 ದಿನಗಳಿಗೆ ಟೆಂಡರ್‌ನಲ್ಲಿರುವಂತೆಯೇ ಅನ್ವಯಿಸಲಿ. ಅದರಲ್ಲಿ ವಿನಾಯಿತಿ ಕೋರುತ್ತಿಲ್ಲ.

ಸಾಗಣೆ, ವಿಮೆ, ಲಾರಿಯಿಂದ ಇಳಿಸುವುದು ಮತ್ತು ಪೀಠದ ಮೇಲೆ ಕೂರಿಸುವುದು ಎಲ್ಲವೂ ನಮ್ಮ ದರದಲ್ಲಿ ಸೇರಿವೆ. ಸಂಘದ ಕಟ್ಟಡದ ಗೋಡೆ ಒಡೆಯುವ ಕೆಲಸ ಟೆಂಡರ್‌ನ ಕೆಲಸದ ವ್ಯಾಪ್ತಿಯಲ್ಲಿ ಇಲ್ಲ. ತೊಟ್ಟಿಯ ಅಗಲ 1.55 ಮೀಟರ್ ಇದ್ದು, ನಾಲ್ಕು ಅಡಿ ಬಾಗಿಲಿನಲ್ಲಿ ಅದು ಒಳಹೋಗುವುದಿಲ್ಲ. ಆದ್ದರಿಂದ ಆದೇಶ ಬಂದ 15 ದಿನಗಳೊಳಗೆ ನಮ್ಮ ಖರ್ಚಿನಲ್ಲೇ 24 ಸ್ಥಳಗಳನ್ನೂ ನೋಡಿ, ಬಾಗಿಲು, ಪೀಠ, ವಿದ್ಯುತ್ ಸಂಪರ್ಕ ಮತ್ತು ಲಾರಿ ತಿರುಗುವ ಜಾಗದ ವರದಿಯನ್ನು ತಮಗೆ ಕೊಡುತ್ತೇವೆ. ಯಾವುದಾದರೂ ಸ್ಥಳ ಪೂರೈಕೆಯ ವೇಳೆಗೆ ಸಿದ್ಧವಾಗದಿದ್ದರೆ ಘಟಕವನ್ನು ತಾವು ಸೂಚಿಸುವ ಶೀತಲೀಕರಣ ಕೇಂದ್ರದಲ್ಲಿ ಇಳಿಸಿ, ಸ್ಥಳ ಸಿದ್ಧವಾದಾಗ ಮತ್ತೆ ಸಾಗಿಸಿ ಕೂರಿಸುತ್ತೇವೆ. ಖಾತರಿ ಅವಧಿಯ 24 ತಿಂಗಳು ಟೆಂಡರ್‌ನಲ್ಲಿರುವಂತೆ ಚಾಲನೆಯ ದಿನದಿಂದಲೇ ಎಣಿಕೆಯಾಗುತ್ತದೆ, ತಡವಾಗಿ ಚಾಲನೆಗೊಂಡ ಘಟಕಗಳಿಗೂ ಸಹ.

2,000 ಲೀಟರ್ ಮಾದರಿಯ ಸರಿಯಾದ ಕರಪತ್ರ, ‘ಎ’ ವರ್ಗದ ಪರೀಕ್ಷಾ ವರದಿ ಮತ್ತು ತೊಟ್ಟಿಯ ಅಳತೆಯ ನಕ್ಷೆಯನ್ನು ಈ ಪತ್ರದೊಂದಿಗೆ ಲಗತ್ತಿಸಿದೆ. ತಾಂತ್ರಿಕ ಪರಿಶೀಲನಾ ಸಮಿತಿಯು ಬಯಸಿದರೆ ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಇದೇ ಮಾದರಿಯ ತೊಟ್ಟಿಯನ್ನು ಓಡಿಸಿ ತೋರಿಸಲು ಯಾವುದೇ ಕೆಲಸದ ದಿನ ಸಿದ್ಧರಿದ್ದೇವೆ.

ತಮ್ಮ ವಿಶ್ವಾಸಿ,

ಅಧಿಕೃತ ಸಹಿದಾರರು
ಟೆಂಡರ್ ಮತ್ತು ಯೋಜನಾ ವಿಭಾಗ
ಪೀಣ್ಯ ಕೈಗಾರಿಕಾ ಪ್ರದೇಶ, ಬೆಂಗಳೂರು