ಟೀಚರ್ ಲೆಕ್ಕ

ರಾಜ್ಯದ ಏಳನೇ ವೇತನ ಆಯೋಗದ ಪ್ರಕಾರ 2024ರ ಆಗಸ್ಟಿನಿಂದ ಪಿಂಚಣಿ ಏರಿದಾಗ ಸರೋಜಾ ಟೀಚರ ಕೈಗೆ ಅಂಥ ಹೆಚ್ಚೇನೂ ಬರಲಿಲ್ಲ. ಇಷ್ಟೇ ಇರಬೇಕು ಅಂತ ಸುಮ್ಮನಿದ್ದರು. ಮುಂದಿನ ಜುಲೈನಲ್ಲಿ ತಿಪಟೂರಲ್ಲೊಂದು ಮದುವೆ. ಪಂಕ್ತಿಯಲ್ಲಿ ಪಕ್ಕ ಕೂತಿದ್ದ ವಿಮಲಾ ಟೀಚರ್ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ನಿನಗಿಂತ ನಂಗೆ ತಿಂಗಳಿಗೆ ಆರು ಸಾವಿರ ಜಾಸ್ತಿ ಬರುತ್ತೆ ಕಣೇ" ಅಂದರು. ಇಬ್ಬರೂ 2019ರಲ್ಲಿ ಒಂದೇ ತಿಂಗಳು ನಿವೃತ್ತರಾದವರು, ಕೊನೆಯ ಮೂಲ ವೇತನವೂ ಒಂದೇ, 46,400. ಒಬ್ಬಟ್ಟು ಎಲೆಯಲ್ಲೇ ಉಳಿಯಿತು.

ಮನೆಗೆ ಬಂದವರೇ ಮೊಮ್ಮಗನ ರಫ್ ನೋಟ್‌ಬುಕ್ ಎಳೆದುಕೊಂಡರು. ಮೂಲ ವೇತನದ ಅರ್ಧ ಪಿಂಚಣಿ, 23,200. ಅದಕ್ಕೆ ಶೇ. 31 ತುಟ್ಟಿಭತ್ಯೆ 7,192, ಆಯೋಗದ ಏರಿಕೆ, ಅಂದರೆ ಶೇ. 27.5 ಫಿಟ್‌ಮೆಂಟ್, 6,380. ಒಟ್ಟು 36,772. ನಿವೃತ್ತಿಯಾದಾಗ ಪಿಂಚಣಿಯ ಮೂರನೇ ಒಂದು ಭಾಗ ಕಮ್ಯುಟೇಶನ್ ಮಾಡಿಸಿ ಅದರ ದುಡ್ಡು ಮೊದಲೇ ಒಟ್ಟಿಗೆ ತೆಗೆದುಕೊಂಡಿದ್ದರು, ಆ 7,733 ಕಳೆದರೆ ಕೈಗೆ 29,039, ಮೇಲೆ ಹೊಸ ತುಟ್ಟಿಭತ್ಯೆ ಬೇರೆ. ಕಚೇರಿಯ ಚೀಟಿಯಲ್ಲಿ ಮಾತ್ರ 24,515! ಎಲ್ಲಿಂದ ಬಂತಪ್ಪ ಇದು? ಹಿಂದಿನಿಂದ ಲೆಕ್ಕ ಹಾಕಿಕೊಂಡು ಬಂದಾಗ ಕಳ್ಳ ಸಿಕ್ಕಿದ. ಯಾರೋ ಪುಣ್ಯಾತ್ಮ ಕಮ್ಯುಟೇಶನ್ ಮೊದಲೇ ಕಳೆದು, ಉಳಿದ 15,467ಕ್ಕೆ ಮಾತ್ರ ಏರಿಕೆ ಕೊಟ್ಟಿದ್ದ. ಹೊಸ ತುಟ್ಟಿಭತ್ಯೆಯೂ 36,772ರ ಬದಲು 24,515ರ ಮೇಲೇ. ಮೊದಲು ಏರಿಸಿ ಆಮೇಲೆ ಕಳೆಯಬೇಕು, ಅಲ್ವಾ? ಆರನೇ ಕ್ಲಾಸಿನ ಹುಡುಗರು ಮಾಡುವ ತಪ್ಪು.

ತಿಂಗಳಿಗೆ 4,524ರಂತೆ ಜೂನ್‌ವರೆಗೆ ಹನ್ನೊಂದು ತಿಂಗಳ ಬಾಕಿ 49,764. ಡಿಸೆಂಬರ್‌ವರೆಗೆ ಶೇ. 10.75, ಜನವರಿಯಿಂದ ಶೇ. 12.25 ಅಂತ ತುಟ್ಟಿಭತ್ಯೆಯ ವ್ಯತ್ಯಾಸ ಸೇರಿಸಿದರೆ 65,361. ಎರಡು ಸಲ ಕೂಡಿದರು.

"ರೀ, ಇಲ್ನೋಡಿ."

ಪೇಪರ್ ಓದುತ್ತಿದ್ದ ಯಜಮಾನರು ಕನ್ನಡಕ ಸರಿ ಮಾಡಿಕೊಂಡು ನೋಡಿ, "ಆರು ಸಾವಿರಾನಾ?" ಅಂದರು.

"ಅರವತ್ತೈದು!"

ಮರುದಿನ ಕಚೇರಿಯಲ್ಲಿ ಕೇಸ್ ವರ್ಕರ್ ತಲೆ ಎತ್ತಲಿಲ್ಲ. "ಕಂಪ್ಯೂಟರ್ ಹಾಕಿದ ಲೆಕ್ಕ ಮೇಡಂ, ತಪ್ಪಾಗಲ್ಲ."

"ಕಂಪ್ಯೂಟರಿಗೆ 15,467 ಅಂತ ಹೊಡೆದಿದ್ದು ಯಾರಪ್ಪಾ?"

ಆತ ಕ್ಯಾಲ್ಕುಲೇಟರ್ ತೆಗೆದ. ಒಂದು ಸಲ ಒತ್ತಿದ, ಅಳಿಸಿದ, ಮತ್ತೆ ಒತ್ತಿದ. ಆಮೇಲೆ ಫ್ಯಾನ್ ಜೋರು ಮಾಡಿ ಬಂದು ಕೂತ. "ಅರ್ಜಿ ಕೊಟ್ಟು ಹೋಗಿ, ನೋಡೋಣ."

ಟೀಚರ್ ಅರ್ಜಿಯ ಎರಡು ಪ್ರತಿ ತಂದೇ ಇದ್ದರು. ಒಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳುವವರೆಗೂ ಕುರ್ಚಿ ಬಿಡಲಿಲ್ಲ. ಎದ್ದು ಹೊರಟಾಗ ಆತನೇ ಬಾಗಿಲವರೆಗೆ ಬಂದ.

"ಮೇಡಂ, ನಮ್ಮತ್ತೆನೂ ಟೀಚರಾಗಿದ್ರು. ಅವರಿಗೂ ಹೆಚ್ಚೇನೂ ಏರಲಿಲ್ಲ."

ಟೀಚರ್ ವಾಪಸ್ ಬಂದು ಅದೇ ಕುರ್ಚಿಯಲ್ಲಿ ಕೂತು ಪೆನ್ನಿನ ಮುಚ್ಚಳ ತೆಗೆದರು. "ಕಮ್ಯುಟೇಶನ್ ಎಷ್ಟು ಮಾಡಿಸಿದ್ರಂತೆ?"