ನಿನ್ನ ಪ್ರಾಜೆಕ್ಟ್ ವರದಿಯ ಅಂಕಗಳ ಬಗ್ಗೆ

ಶರಣು,

ನಿನ್ನ ಮೇಲ್ ನಿನ್ನೆ ರಾತ್ರಿಯೇ ಓದಿದೆ. ಆಗಲೇ ಉತ್ತರ ಬರೆದಿದ್ದರೆ ಸ್ವಲ್ಪ ಖಾರವಾಗಿರುತ್ತಿತ್ತು. ಅದಕ್ಕೇ ಇವತ್ತು ಬೆಳಿಗ್ಗೆ ವಿಭಾಗಕ್ಕೆ ಬಂದು, ನಿನ್ನ ವರದಿಯನ್ನು ಕಪಾಟಿನಿಂದ ತೆಗೆದು, ಮೊದಲಿನಿಂದ ಇನ್ನೊಮ್ಮೆ ಓದಿ ಬರೆಯುತ್ತಿದ್ದೇನೆ.

"112 ಪುಟ ಬರೆದಿದ್ದೇನೆ ಸರ್, 60 ಪುಟ ಬರೆದವರಿಗೆ ನನಗಿಂತ 20 ಅಂಕ ಜಾಸ್ತಿ ಬಂದಿವೆ" ಎಂದಿದ್ದೀಯ. ಬೇರೆಯವರ ಅಂಕದ ಬಗ್ಗೆ ನಿನ್ನ ಜೊತೆ ಮಾತಾಡುವುದಿಲ್ಲ. ಪುಟದ ಮಾತು ಹೇಳುತ್ತೇನೆ. ನಿನ್ನ ವಿಷಯ "ಕಲಬುರಗಿ ಮಾರುಕಟ್ಟೆಯಲ್ಲಿ ತೊಗರಿ ಬೆಲೆ: 2019ರಿಂದ 2023". ವರದಿಯಲ್ಲಿ ತೊಗರಿ ಎಂಬ ಮಾತು ಮೊದಲು ಬರುವುದು 19ನೇ ಪುಟದಲ್ಲಿ. ಅದಕ್ಕೂ ಮುಂಚೆ ಬಹಮನಿ ಸುಲ್ತಾನರು, ಕೋಟೆ, ದೊಡ್ಡ ತೋಪು, ಶರಣಬಸವೇಶ್ವರರ ಜಾತ್ರೆ, ಬಂದೇನವಾಜರ ದರ್ಗಾ ಎಲ್ಲ ಬಂದಿವೆ. ಎಲ್ಲ ನಮ್ಮ ಹೆಮ್ಮೆಯೇ, ಆದರೆ 1347ರಲ್ಲಿ ಯಾರು ಪಟ್ಟಕ್ಕೆ ಬಂದರು ಎಂಬುದರಿಂದ 2023ರ ತೊಗರಿ ದರ ತಿಳಿಯುವುದಿಲ್ಲ. ಆ 18 ಪುಟ ತೆಗೆದುಹಾಕು. ಬೇಕಾದರೆ 2019ರಲ್ಲಿ ನಮ್ಮ ತೊಗರಿ ಬೇಳೆಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕ ಮಾತು ಒಂದು ಸಾಲಿನಲ್ಲಿ ಇರಲಿ. ಅದು ನಿನ್ನ ಅಧ್ಯಯನದ ಮೊದಲ ವರ್ಷವೇ ಆಗಿದೆ, ನೀನು ಅದನ್ನೇ ಬಿಟ್ಟಿದ್ದೀಯ.

80ಕ್ಕೆ 41 ಹೇಗೆ ಬಂತೆಂದರೆ: ಅಧ್ಯಯನ ವಿಧಾನಕ್ಕೆ 20ರಲ್ಲಿ 7, ವಿಶ್ಲೇಷಣೆಗೆ 25ರಲ್ಲಿ 11, ಹಿಂದಿನ ಅಧ್ಯಯನಗಳ ಪರಿಶೀಲನೆಗೆ 10ರಲ್ಲಿ 5, ಕ್ಷೇತ್ರಕಾರ್ಯಕ್ಕೆ 15ರಲ್ಲಿ 12, ಬರವಣಿಗೆ ಮತ್ತು ಅಚ್ಚುಕಟ್ಟಿಗೆ 10ರಲ್ಲಿ 6. ಅಂದರೆ ಹೆಚ್ಚು ಹೋಗಿರುವುದು ವಿಧಾನ ಮತ್ತು ವಿಶ್ಲೇಷಣೆಯಲ್ಲಿ. ಅವೆರಡನ್ನೇ ವಿವರವಾಗಿ ಹೇಳುತ್ತೇನೆ.

ಮೊದಲು ಪುಟ 34ರ ರೇಖಾಚಿತ್ರ ತೆಗೆದು ಮುಂದಿಟ್ಟುಕೋ. 2006-07ರಿಂದ ಕಲಬುರಗಿ ಜಿಲ್ಲೆಯ ತೊಗರಿ ಬಿತ್ತನೆ ಪ್ರದೇಶ ತೋರಿಸಿದ್ದೀಯ. 2009-10 ದಾಟಿದ ಕೂಡಲೇ ಗೆರೆ ದಡಕ್ಕನೆ ಕೆಳಗೆ ಬೀಳುತ್ತದೆ. ಅದರ ಕೆಳಗೆ "ರೈತರು ತೊಗರಿಯಿಂದ ವಿಮುಖರಾಗಿ ಹತ್ತಿಯತ್ತ ವಾಲಿದ್ದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ" ಎಂದು ಬರೆದಿದ್ದೀಯ. ಸ್ಪಷ್ಟವಾಗಿ ಕಾಣುವುದು ಬೇರೆಯೇ ಇದೆಯಪ್ಪ. 2009ರ ಡಿಸೆಂಬರ್ 30ಕ್ಕೆ ಯಾದಗಿರಿ ಬೇರೆ ಜಿಲ್ಲೆಯಾಯಿತು. ಯಾದಗಿರಿ, ಶಹಾಪುರ, ಸುರಪುರ ಮೂರೂ ತಾಲ್ಲೂಕು ನಿನ್ನ ಕೋಷ್ಟಕದಿಂದ ಎದ್ದು ಹೋದವು. ಬೆಳೆ ಬದಲಾಗಿದ್ದರೂ ಇರಬಹುದು, ಆದರೆ ಈ ಚಿತ್ರ ಅದನ್ನು ಹೇಳಲಾರದು. ಅದು ತೋರಿಸುತ್ತಿರುವುದು ನಕಾಶೆಯ ಮೇಲೆ ಎಳೆದ ಹೊಸ ಗಡಿಯನ್ನು. ಮೌಖಿಕ ಪರೀಕ್ಷೆಯಲ್ಲಿ ಹೊರಗಿನ ಪರೀಕ್ಷಕರು ಇದನ್ನೇ ಕೇಳಿದಾಗ ನೀನು "ಆ ವರ್ಷ ಮಳೆನೂ ಕಡಿಮೆ ಇತ್ತು ಸರ್" ಎಂದೆ. ಅಲ್ಲಿಗೆ ನಾನೂ ತಲೆ ತಗ್ಗಿಸಿದೆ. ಎರಡು ದಾರಿ ಇವೆ: 2010-11ರಿಂದ ಶುರು ಮಾಡು, ಇಲ್ಲವೇ ಮುಂದಿನ ವರ್ಷಗಳಿಗೆ ಯಾದಗಿರಿಯ ಅಂಕಿಗಳನ್ನೂ ಕೂಡಿಸಿ ಹಳೆಯ ಗಡಿಯ ಲೆಕ್ಕವನ್ನೇ ಉಳಿಸಿಕೋ. ಎರಡನೆಯದು ಒಳ್ಳೆಯದು, ಕೆಲಸವೂ ಜಾಸ್ತಿ.

ಇನ್ನು ಕನಿಷ್ಠ ಬೆಂಬಲ ಬೆಲೆ. 2023ರ ಜನವರಿಯ ಮಾರುಕಟ್ಟೆ ದರದ ಪಕ್ಕಕ್ಕೆ 7000 ರೂಪಾಯಿ ಇಟ್ಟು ಹೋಲಿಸಿದ್ದೀಯ. ನಿಮ್ಮೂರಿನ ಹೊಲದಲ್ಲಿ ಜೂನ್-ಜುಲೈನಲ್ಲಿ ಬಿತ್ತಿದ ತೊಗರಿ ಗಂಜ್‌ಗೆ ಬರುವುದು ಡಿಸೆಂಬರ್, ಜನವರಿಗೆ. ಹಾಗಾದರೆ 2023ರ ಜನವರಿಯಲ್ಲಿ ಮಾರಿದ್ದು 2022-23ರ ಹಂಗಾಮಿನ ಮಾಲು, ಅದಕ್ಕೆ ಬೆಂಬಲ ಬೆಲೆ 6600. 7000 ಘೋಷಣೆಯಾದದ್ದು ಆಮೇಲೆ, ಜೂನ್ 2023ರಲ್ಲಿ, 2023-24ರ ಬೆಳೆಗೆ. ಐದೂ ವರ್ಷ ಇದೇ ತಪ್ಪಾಗಿದೆ. 2019-20ಕ್ಕೆ 5800, 2020-21ಕ್ಕೆ 6000, 2021-22ಕ್ಕೆ 6300 ಎಂದು ಹಂಗಾಮಿನ ಲೆಕ್ಕದಲ್ಲಿ ಕೂರಿಸು. ಆಗ ಎಷ್ಟು ತಿಂಗಳು ದರ ಬೆಂಬಲ ಬೆಲೆಗಿಂತ ಕೆಳಗಿತ್ತು ಎಂಬ ನಿನ್ನ ಮುಖ್ಯ ಕೋಷ್ಟಕವೇ ಬದಲಾಗುತ್ತದೆ. ಹೊಲ ಮಾಡುವ ಮನೆಯ ಹುಡುಗ ನೀನು, ಇಸವಿ ಬೇರೆ ಹಂಗಾಮು ಬೇರೆ ಎಂದು ನಾನು ನಿನಗೆ ಹೇಳಬೇಕಾಯಿತಲ್ಲ!

ಅದೇ ಅಧ್ಯಾಯದಲ್ಲಿ 5800ರಿಂದ 7000ಕ್ಕೆ ಏರಿದ್ದನ್ನು ಶೇ. 20.7 ಎಂದು ಲೆಕ್ಕ ಹಾಕಿದ್ದೀಯ. ಲೆಕ್ಕ ಸರಿ. ಮುಂದಿನ ವಾಕ್ಯ "ಆದ್ದರಿಂದ ರೈತರ ಆದಾಯ ಐದನೇ ಒಂದು ಪಾಲು ಹೆಚ್ಚಿತು" ಎಂಬುದು ತಪ್ಪು. ಗೊಬ್ಬರ, ಔಷಧಿ, ಆಳಿನ ಕೂಲಿ ಅಷ್ಟೇ ನಿಂತಿದ್ದವೇ? ಎಕರೆಗೆ ಇಳುವರಿ ಎಷ್ಟು ಬಂತು? ಖರೀದಿ ಕೇಂದ್ರಕ್ಕೆ ಕೊಟ್ಟವರೆಷ್ಟು ಮಂದಿ? ಬೆಂಬಲ ಬೆಲೆ ಘೋಷಣೆಯಾದ ಮಾತ್ರಕ್ಕೆ ಅದು ರೈತನ ಜೇಬಿಗೆ ಬಂದ ಹಾಗಲ್ಲ.

ಸರಾಸರಿಯ ವಿಷಯ. ಹನ್ನೆರಡು ತಿಂಗಳ ದರ ಕೂಡಿಸಿ ಹನ್ನೆರಡರಿಂದ ಭಾಗಿಸಿ "ರೈತರಿಗೆ ಸಿಕ್ಕ ಸರಾಸರಿ ಬೆಲೆ" ಎಂದಿದ್ದೀಯ. ಉದಾಹರಣೆಗೆ ಎರಡೇ ತಿಂಗಳು ತಗೋ. ಜನವರಿಯಲ್ಲಿ 10000 ಕ್ವಿಂಟಲ್ 7000ಕ್ಕೆ, ಜೂನ್‌ನಲ್ಲಿ 500 ಕ್ವಿಂಟಲ್ 9000ಕ್ಕೆ ಹೋಯಿತು ಎಂದುಕೊಳ್ಳೋಣ. ನಿನ್ನ ಲೆಕ್ಕದಲ್ಲಿ ಸರಾಸರಿ 8000. ಆವಕದ ತೂಕ ಹಿಡಿದು ಲೆಕ್ಕ ಮಾಡಿದರೆ ಸುಮಾರು 7095. ಕ್ವಿಂಟಲ್‌ಗೆ 900 ರೂಪಾಯಿ ರೈತನಿಗೆ ಬಾರದೆ ನಿನ್ನ ಕಾಗದದ ಮೇಲೆ ಮಾತ್ರ ಬಂತು. ಜೂನ್‌ವರೆಗೆ ಮಾಲು ಹಿಡಿದಿಡುವ ತಾಕತ್ತು ಇರುವವರು ಎಷ್ಟು ಜನ? ಸಾಲ ಕಟ್ಟಬೇಕಾದವನು ರಾಶಿ ಆದ ವಾರದಲ್ಲೇ ಗಂಜ್‌ಗೆ ತರುತ್ತಾನೆ.

ಆವಕಕ್ಕೂ ಬೆಲೆಗೂ 60 ತಿಂಗಳ ಸಹಸಂಬಂಧ −0.38 ಬಂದಿದೆ. ನಾನೂ ಮಾಡಿ ನೋಡಿದೆ, ಸರಿಯಾಗಿದೆ. ಆದರೆ ಇದರಿಂದ "ಆವಕ ಹೆಚ್ಚಾದ್ದೇ ಬೆಲೆ ಕುಸಿತಕ್ಕೆ ಕಾರಣ" ಎಂದುಬಿಟ್ಟೆ. −0.38ರ ವರ್ಗ ಸುಮಾರು 0.14. ಬೆಲೆಯ ಏರಿಳಿತದಲ್ಲಿ ನೂರಕ್ಕೆ 86 ಭಾಗಕ್ಕೆ ಈ ಆವಕದ ಲೆಕ್ಕದಲ್ಲಿ ಉತ್ತರ ಇಲ್ಲ. ಆ 86ರ ಬಗ್ಗೆ ನಿನ್ನ ವರದಿಯಲ್ಲಿ ಒಂದು ಪ್ಯಾರಾ ಕೂಡ ಇಲ್ಲ. 2021ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ತೊಗರಿ ಆಮದಿನ ನಿರ್ಬಂಧ ತೆಗೆಯಿತು. ಮ್ಯಾನ್ಮಾರ್, ಮೊಜಾಂಬಿಕ್ ಕಡೆಯಿಂದ ಬರುವ ಮಾಲು ನಮ್ಮ ಬೇಳೆ ಮಿಲ್ಲಿನವರ ಖರೀದಿಯನ್ನೂ ಬದಲಿಸುತ್ತದೆ. 2022ರ ಹಂಗಾಮಿನಲ್ಲಿ ನೆಟೆ ರೋಗ ಬಂದು ಹೊಲಕ್ಕೆ ಹೊಲ ಒಣಗಿದ್ದನ್ನು ನೀನೇ ಕಂಡಿದ್ದೀಯ. 2023ರ ಜೂನ್‌ನಲ್ಲಿ ವ್ಯಾಪಾರಿಗಳ ದಾಸ್ತಾನಿಗೆ ಮಿತಿ ಹಾಕಿದರು. ಇವು ಮೂರನ್ನೂ ನಿನ್ನ ರೇಖಾಚಿತ್ರದ ಮೇಲೆ ಸಣ್ಣ ಗುರುತಾಗಿ ಹಾಕು. ಆಮೇಲೆ ಪ್ರತಿ ತಿಂಗಳ ದರವನ್ನು ಆ ಹಂಗಾಮಿನ ಸರಾಸರಿಯಿಂದ ಭಾಗಿಸಿ ನೂರರಿಂದ ಗುಣಿಸು. ಆಗ ವರ್ಷದಿಂದ ವರ್ಷಕ್ಕೆ ಏರುವ ದರ ಪಕ್ಕಕ್ಕೆ ಸರಿದು, ಯಾವ ತಿಂಗಳು ನಿಜಕ್ಕೂ ಅಗ್ಗ ಎಂಬುದು ಕಾಣುತ್ತದೆ.

ಶೇ. 92.5 ರೈತರು ಎಪಿಎಂಸಿಯಲ್ಲೇ ಮಾರುತ್ತಾರೆ ಎಂಬ ನಿನ್ನ ದೊಡ್ಡ ತೀರ್ಮಾನ ಓದಿ ನಗು ಬಂತು, ಬೇಜಾರಾಗಬೇಡ. 40 ಜನರನ್ನು ಕೇಳಿದ್ದು ಎಲ್ಲಿ? ಗಂಜ್‌ನಲ್ಲಿ, ಅದೂ ನಿನ್ನ ಸೋದರಮಾವನ ಅಡತಿ ಅಂಗಡಿಯ ಕಟ್ಟೆಯ ಮೇಲೆ. ಗುಡಿಯ ಬಾಗಿಲಲ್ಲಿ ನಿಂತು "ದೇವರಿಗೆ ನಡೆದುಕೊಳ್ಳುತ್ತೀರಾ" ಎಂದು ಕೇಳಿದ ಹಾಗಾಯಿತು. ಊರಲ್ಲೇ ಸಣ್ಣ ವ್ಯಾಪಾರಿಗೆ ಕೊಟ್ಟು ಕುಳಿತವನು ಆ ಕಟ್ಟೆಗೆ ಬರುವುದೇ ಇಲ್ಲ. ಮಾವನ ಅಂಗಡಿಯಲ್ಲಿ ಕೇಳಿದ್ದು ತಪ್ಪಲ್ಲ, ಅದನ್ನು ವಿಧಾನದ ಅಧ್ಯಾಯದಲ್ಲಿ ಬರೆಯದೆ "ಯಾದೃಚ್ಛಿಕ ಮಾದರಿ" ಎಂದು ಬರೆದದ್ದು ತಪ್ಪು. ವಿಧಾನಕ್ಕೆ 7 ಬರಲು ಇದೊಂದೇ ಶಬ್ದ ಸಾಕಾಯಿತು. ಈಗ ಸಮಯ ಇದ್ದರೆ ನಿಮ್ಮೂರಿನ ಮತದಾರರ ಪಟ್ಟಿಯಿಂದಲೋ ಸಹಕಾರ ಸಂಘದ ಸದಸ್ಯರ ಪಟ್ಟಿಯಿಂದಲೋ ಪ್ರತಿ ಹತ್ತನೆಯ ಮನೆಗೆ ಹೋಗು, 20 ಮನೆ ಸಾಕು. ಆಗದಿದ್ದರೆ "ಒಂದು ಅಡತಿ ಅಂಗಡಿಗೆ ಬಂದ 40 ರೈತರು" ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದು, ಆ ಶೇಕಡಾವಾರು ವಾಕ್ಯ ಹೊಡೆದುಹಾಕು.

ಎರಡನೇ ಅಧ್ಯಾಯದಲ್ಲಿ ಪ್ಯಾರಾಕ್ಕೊಂದು ಅಕ್ಷರ ಶೈಲಿ ಇದೆ, ಕೆಲವು ಕಡೆ ನುಡಿಯಿಂದ ಯೂನಿಕೋಡ್‌ಗೆ ಬದಲಿಸುವಾಗ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗಿವೆ. ಎಲ್ಲಿಂದ ಎತ್ತಿದ್ದು ಎಂದು ಹುಡುಕುವ ಕಷ್ಟವನ್ನೂ ನೀನು ಕೊಡಲಿಲ್ಲ. ಓದಿದ್ದನ್ನು ನಿನ್ನ ಮಾತಲ್ಲಿ ಬರೆ, ಯಾರದೆಂದು ಹೇಳು. ಇದು ಮತ್ತೆ ಕಂಡರೆ ಅಂಕದ ಮಾತಲ್ಲ, ವರದಿಯೇ ವಾಪಸು.

ಈಗ ನನ್ನ ತಪ್ಪು. ಅನುಬಂಧದ ಕೊನೆಯಲ್ಲಿ ಅಡತಿಯವರು ರೈತರಿಗೆ ಕೊಟ್ಟ 11 ಪಟ್ಟಿಗಳ ಜೆರಾಕ್ಸ್ ಇದೆ. ಮೊದಲ ಸಲ ಅಲ್ಲಿವರೆಗೆ ಪುಟ ತಿರುಗಿಸಿರಲಿಲ್ಲ. 111ನೇ ಪುಟದಲ್ಲಿ ಬಚ್ಚಿಟ್ಟರೆ ಯಾರು ನೋಡಬೇಕು, ಅದು ಬೇರೆ ಮಾತು. ಆದರೂ ನೋಡಬೇಕಾಗಿತ್ತು. ಕ್ಷೇತ್ರಕಾರ್ಯದ ಅಂಕ 12ರಿಂದ 14 ಮಾಡಿದ್ದೇನೆ. ಒಟ್ಟು 43.

ನನ್ನ ಕೇಳಿದರೆ ನಿನ್ನ ಪ್ರಾಜೆಕ್ಟ್ ಇರುವುದೇ ಆ 11 ಕಾಗದಗಳಲ್ಲಿ. ತಾರೀಖು, ತೂಕ, ದರ, ಹಮಾಲಿ, ಬೇರೆ ಕಡಿತ, ಕೈಗೆ ಬಂದ ದುಡ್ಡು ಎಲ್ಲ ಅಲ್ಲಿದೆ. ಅದೇ ದಿನದ ಮಾರುಕಟ್ಟೆ ದರ ಆಗ್‌ಮಾರ್ಕ್‌ನೆಟ್‌ನಲ್ಲಿ ಸಿಗುತ್ತದೆ: ಕನಿಷ್ಠ, ಗರಿಷ್ಠ, ಮತ್ತೆ ಹೆಚ್ಚಿನ ಮಾಲು ಮಾರಾಟವಾದ ಮೋಡಲ್ ದರ. ಪ್ರತಿ ಪಟ್ಟಿಯ ಮುಂದೆ ಆ ದಿನದ ಮೋಡಲ್ ದರ, ಆ ಹಂಗಾಮಿನ ಬೆಂಬಲ ಬೆಲೆ, ಕಡಿತ ಕಳೆದು ಕ್ವಿಂಟಲ್‌ಗೆ ರೈತನಿಗೆ ಉಳಿದದ್ದು, ಈ ಮೂರನ್ನೂ ಬರೆ. 11ರಿಂದ ಇಡೀ ಜಿಲ್ಲೆಯ ಬಗ್ಗೆ ಏನೂ ಹೇಳಲಾಗದು, ಹೇಳಲೂ ಬೇಡ. ಆದರೆ ಬೋರ್ಡಿನ ದರಕ್ಕೂ ಕೈಗೆ ಬಂದ ದರಕ್ಕೂ ನಡುವೆ ಏನಾಗುತ್ತದೆ ಎಂಬುದನ್ನು ನಿನ್ನ ತರಗತಿಯಲ್ಲಿ ಬೇರೆ ಯಾರೂ ತೋರಿಸಿಲ್ಲ. ಪುಟ 71ರಲ್ಲಿ ಹಸಿ ಜಾಸ್ತಿ ಇದೆ ಎಂದು ದರ ಇಳಿಸಿದಾಗ ಮಾಲು ವಾಪಸು ಒಯ್ಯಲು ಗಾಡಿ ಬಾಡಿಗೆ ಇಲ್ಲದೆ ಅಲ್ಲೇ ಕೊಟ್ಟು ಹೋದ ಮುದುಕನ ಮಾತು ಬರೆದಿದ್ದೀಯಲ್ಲ, ಅದನ್ನು ಈ ಕೋಷ್ಟಕದ ಪಕ್ಕಕ್ಕೆ ತಾ. ಅದು ಇಡೀ ವರದಿಯಲ್ಲಿ ನೀನೇ ಬರೆದದ್ದು ಎಂದು ಗೊತ್ತಾಗುವ ಪುಟ. ಪಟ್ಟಿಗಳ ಮೇಲಿನ ರೈತರ ಹೆಸರು, ಫೋನ್ ನಂಬರು ಮಾತ್ರ ಮಸಿ ಹಚ್ಚಿ ಮುಚ್ಚು.

ತಿದ್ದಿದ ವರದಿಗೆ ವಿಭಾಗದ ನಿಯಮದಂತೆ ಗರಿಷ್ಠ 8 ಅಂಕ ಸೇರಿಸಬಹುದು. 28ರ ಸಂಜೆ 5ರೊಳಗೆ ಕೊಡಬೇಕು, 60 ಪುಟ ದಾಟಬಾರದು. ಗುರುವಾರ ಮೂಲ ಪಟ್ಟಿಗಳು ಮತ್ತು ನಿನ್ನ ಕ್ಷೇತ್ರದ ನೋಟ್‌ಬುಕ್ ತಗೊಂಡು ಬಾ, ಕೋಷ್ಟಕ ಕೂತು ಮಾಡೋಣ. ಹತ್ತರೊಳಗೆ ಬಂದುಬಿಡು. ಬಿಸಿಲೂ ಹತ್ತುವುದಿಲ್ಲ, ಮಧ್ಯಾಹ್ನದ ಮೇಲೆ ಲ್ಯಾಬಿನಲ್ಲಿ ಕರೆಂಟಿನ ನಂಬಿಕೆಯೂ ಇಲ್ಲ.

ಎಸ್. ಬಿ. ಪಾಟೀಲ
ಅರ್ಥಶಾಸ್ತ್ರ ವಿಭಾಗ, ಕಲಬುರಗಿ