ಸಾಲದ ಒಪ್ಪಂದ ಪತ್ರ ಮತ್ತು ಪ್ರಾಮಿಸರಿ ನೋಟು

ಸ್ಥಳ: ಹಾವೇರಿ
ತಾರೀಖು: 10 ಅಕ್ಟೋಬರ್ 2025, ಶುಕ್ರವಾರ

ಸಾಲ ಕೊಡುವವನು: ಶಿವಾನಂದ ಬಸಪ್ಪ ಹೊಸಮನಿ, ವಯಸ್ಸು 41, ಹೈಸ್ಕೂಲ್ ಮಾಸ್ತರ, ವಾಸ ಹಾವೇರಿ.

ಸಾಲ ತಗೊಳ್ಳುವವನು: ಮಂಜುನಾಥ ವೀರಪ್ಪ ಕೋರಿಶೆಟ್ಟರ, ವಯಸ್ಸು 41, ಹಿಟ್ಟಿನ ಗಿರಣಿ ಮಾಲೀಕ, ವಾಸ ಬ್ಯಾಡಗಿ.

ನಾವಿಬ್ಬರೂ ಪಿಯುಸಿಯಿಂದ ಗೆಳೆಯರು, ಏಕವಚನದಲ್ಲೇ ಮಾತಾಡುವವರು. ಅದಕ್ಕೇ ಈ ಪತ್ರದಲ್ಲಿ ‘ಅವರು’, ‘ಇವರು’ ಅಂತ ಹಾಕಿಲ್ಲ. ಕೆಳಗಿನ ನೋಟಿನಲ್ಲಿ ಮಾತ್ರ ರೂಢಿಯ ಮಾತು ಇದೆ.

ಈ ಪತ್ರ ಯಾಕೆ

2019ರಲ್ಲಿ ಶಿವಾನಂದ ಮಂಜುನಾಥನಿಗೆ 5,000 ರೂಪಾಯಿ ಕೈಗಡ ಕೊಟ್ಟಿದ್ದ. ಅದರಲ್ಲಿ 3,000 ವಾಪಸ್ ಕೊಟ್ಟೆ ಅಂತ ಮಂಜುನಾಥನ ನೆನಪು. ಬಂದದ್ದು 2,000 ಅಂತ ಶಿವಾನಂದನ ನೆನಪು. ಯಾರೂ ಸುಳ್ಳು ಹೇಳಿರಲಿಲ್ಲ, ಆದರೂ ಆ ಒಂದು ಸಾವಿರಕ್ಕೆ ಎಂಟು ತಿಂಗಳು ಫೋನ್ ನಿಂತಿತ್ತು. ಆ ಲೆಕ್ಕ ಅಲ್ಲಿಗೇ ಮುಗಿದಿದೆ, ಈ ಸಾಲಕ್ಕೂ ಅದಕ್ಕೂ ಸಂಬಂಧ ಇಲ್ಲ. ಈ ಸಲದ ಮೊತ್ತ ದೊಡ್ಡದು. ನೆನಪಿನ ಮೇಲೆ ಬಿಡುವುದು ಬೇಡ ಅಂತ ಇಬ್ಬರೂ ಒಪ್ಪಿ ಬರೆಸಿದ್ದೇವೆ.

1. ಸಾಲದ ಮೊತ್ತ ಮತ್ತು ಉದ್ದೇಶ

ಮಂಜುನಾಥ ತನ್ನ ಗಿರಣಿಯಲ್ಲಿ ಖಾರ ಕುಟ್ಟುವ ಮಷಿನ್ ಕೂರಿಸುತ್ತಿದ್ದಾನೆ. ಮಷಿನ್, ಮೋಟಾರು, ವೈರಿಂಗ್ ಎಲ್ಲಾ ಸೇರಿ 1,65,000 ರೂಪಾಯಿ. ಅವನ ಕೈಯಲ್ಲಿ 45,000 ಇದೆ. ಉಳಿದ 1,20,000 ರೂಪಾಯಿ (ಒಂದು ಲಕ್ಷದ ಇಪ್ಪತ್ತು ಸಾವಿರ ಮಾತ್ರ) ಶಿವಾನಂದ ಸಾಲವಾಗಿ ಕೊಡುತ್ತಿದ್ದಾನೆ.

ಹಣವನ್ನು ಇವತ್ತೇ ಶಿವಾನಂದನ ಉಳಿತಾಯ ಖಾತೆಯಿಂದ ಮಂಜುನಾಥನ ಖಾತೆಗೆ ನೆಫ್ಟ್ ಮಾಡಲಾಗಿದೆ. ಮಂಜುನಾಥ ಮೊಬೈಲಿಗೆ ಬಂದ ಮೆಸೇಜ್ ನೋಡಿ, ಹಣ ಮುಟ್ಟಿದೆ ಅಂತ ಒಪ್ಪಿದ ಮೇಲೆಯೇ ಈ ಪತ್ರಕ್ಕೆ ಸಹಿ ಆಗಿದೆ. ಇಬ್ಬರ ಪಾಸ್‌ಬುಕ್ ಮೊದಲ ಪುಟದ ಜೆರಾಕ್ಸ್ ಇದರ ಜೊತೆ ಪಿನ್ ಮಾಡಿದೆ.

ನಗದು ಬೇಡ ಅಂದದ್ದಕ್ಕೆ ಕಾರಣ ಇದೆ. 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಸಾಲವನ್ನು ನಗದಾಗಿ ತಗೊಳ್ಳಲು ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ. ಅಂಥ ಸಾಲವನ್ನು ನಗದಾಗಿ ತೀರಿಸುವುದಕ್ಕೂ ಬಿಡುವುದಿಲ್ಲ. ಆದ್ದರಿಂದ ಕಂತು ಸಣ್ಣದಿದ್ದರೂ ಬ್ಯಾಂಕ್ ಅಥವಾ ಯುಪಿಐ ಮೂಲಕವೇ ಬರಬೇಕು. ಗುರುವಾರ ಸಂತೆಯಲ್ಲಿ ಸಿಕ್ಕಾಗ ಜೇಬಿಗೆ ತುರುಕಿದ ನೋಟುಗಳು ಲೆಕ್ಕಕ್ಕಿಲ್ಲ.

2. ಬಡ್ಡಿ

ವರ್ಷಕ್ಕೆ ಶೇಕಡಾ 12. ನಮ್ಮ ಕಡೆ ಹೇಳುವ ಹಾಗೆ, ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ. ಅಸಲಿನಲ್ಲಿ ಎಷ್ಟು ಬಾಕಿ ಉಳಿದಿದೆಯೋ ಅಷ್ಟಕ್ಕೇ ಬಡ್ಡಿ. ಅಸಲು ಇಳಿದ ಹಾಗೆ ಬಡ್ಡಿಯೂ ಇಳಿಯುತ್ತದೆ. ಬಡ್ಡಿಗೆ ಬಡ್ಡಿ, ಅಂದರೆ ಚಕ್ರಬಡ್ಡಿ, ಯಾವ ಸ್ಥಿತಿಯಲ್ಲೂ ಇಲ್ಲ.

ಬಡ್ಡಿಯೇ ಬೇಡ ಅಂತ ಶಿವಾನಂದ ಮೊದಲು ಹೇಳಿದ್ದ. ಮಂಜುನಾಥ ಒಪ್ಪಲಿಲ್ಲ. ಎಫ್‌ಡಿ ಮುರಿದು ಕೊಡುತ್ತಿರುವ ಹಣ ಅದು, ಸುಮ್ನೆ ತಗೊಂಡರೆ ಮುಂದೆ ಮುಖ ನೋಡುವುದು ಕಷ್ಟ ಅಂತ ಅವನ ಮಾತು. ಲೇವಾದೇವಿ ಶಿವಾನಂದನ ಕಸುಬಲ್ಲ, ಇದು ಗೆಳೆಯನಿಗೆ ಕೊಟ್ಟ ಒಂದೇ ಸಾಲ. ಬಂದ ಬಡ್ಡಿಯನ್ನು ಅವನು ತನ್ನ ಆದಾಯದಲ್ಲಿ ತೋರಿಸುತ್ತಾನೆ.

3. ಕಂತುಗಳು

ಪ್ರತಿ ತಿಂಗಳೂ ಒಂದೇ ಮೊತ್ತ ಇಟ್ಟರೆ ಬರೆಯಲು ಸುಲಭ, ಕಟ್ಟಲು ಕಷ್ಟ. ಖಾರದ ಕೆಲಸ ಸೀಸನ್ನಿನದು. ಹೊಸ ಮೆಣಸಿನಕಾಯಿ ಮಾರ್ಕೆಟ್ಟಿಗೆ ಜೋರಾಗಿ ಬರುವುದು ಜನವರಿಯಿಂದ. ವರ್ಷದ ಖಾರ ಕುಟ್ಟಿಸಲು ಹೆಂಗಸರು ಚೀಲ ಹಿಡಿದು ಸಾಲು ನಿಲ್ಲುವುದು ಬೇಸಿಗೆಯಲ್ಲಿ. ಮಳೆ ಹಿಡಿದರೆ ಕಾಯಿ ಒಣಗುವುದಿಲ್ಲ, ಮೆತ್ತಗಾದ ಕಾಯಿ ಮಷಿನ್ನಿಗೆ ಹಾಕಲು ಆಗುವುದಿಲ್ಲ, ಆಗ ಗಿರಣಿಗೆ ಜೋಳ, ಗೋಧಿಯೇ ಗತಿ. ಅದಕ್ಕೆ ತಕ್ಕಂತೆ ಮೊದಲ ಎರಡು ತಿಂಗಳು ಬರೀ ಬಡ್ಡಿ, ಸೀಸನ್ನಿನಲ್ಲಿ ದೊಡ್ಡ ಕಂತು, ಮಳೆಗಾಲದಲ್ಲಿ ಸಣ್ಣದು.

| ಕಂತು | ತಾರೀಖು | ಅಸಲು (ರೂ.) | ಬಡ್ಡಿ (ರೂ.) | ಕಟ್ಟಬೇಕಾದ್ದು (ರೂ.) | ಉಳಿದ ಅಸಲು (ರೂ.) |
|---|---|---|---|---|---|
| 1 | 10.11.2025 | 0 | 1,200 | 1,200 | 1,20,000 |
| 2 | 10.12.2025 | 0 | 1,200 | 1,200 | 1,20,000 |
| 3 | 10.01.2026 | 15,000 | 1,200 | 16,200 | 1,05,000 |
| 4 | 10.02.2026 | 15,000 | 1,050 | 16,050 | 90,000 |
| 5 | 10.03.2026 | 15,000 | 900 | 15,900 | 75,000 |
| 6 | 10.04.2026 | 15,000 | 750 | 15,750 | 60,000 |
| 7 | 10.05.2026 | 15,000 | 600 | 15,600 | 45,000 |
| 8 | 10.06.2026 | 9,000 | 450 | 9,450 | 36,000 |
| 9 | 10.07.2026 | 9,000 | 360 | 9,360 | 27,000 |
| 10 | 10.08.2026 | 9,000 | 270 | 9,270 | 18,000 |
| 11 | 10.09.2026 | 9,000 | 180 | 9,180 | 9,000 |
| 12 | 10.10.2026 | 9,000 | 90 | 9,090 | 0 |
| ಒಟ್ಟು | | 1,20,000 | 8,250 | 1,28,250 | |

ಕೈಯಲ್ಲಿ ದುಡ್ಡಿದ್ದರೆ ಮಂಜುನಾಥ ಮುಂಚೆಯೇ ಜಾಸ್ತಿ ಕಟ್ಟಬಹುದು. ಅದಕ್ಕೆ ದಂಡ ಇಲ್ಲ. ಜಾಸ್ತಿ ಬಂದದ್ದು ಪೂರ್ತಿ ಅಸಲಿಗೆ ಜಮಾ ಆಗುತ್ತದೆ, ಮುಂದಿನ ಬಡ್ಡಿ ಅಷ್ಟು ಕಡಿಮೆಯಾಗುತ್ತದೆ. ಕಡಿಮೆ ಬಂದರೆ ಮೊದಲು ಬಡ್ಡಿಗೆ, ಉಳಿದದ್ದು ಅಸಲಿಗೆ.

ಪ್ರತಿ ಕಂತು ಬಂದಾಗ ಶಿವಾನಂದ ಅದೇ ದಿನ ವಾಟ್ಸಾಪಿನಲ್ಲಿ ‘ಇಷ್ಟು ಬಂತು, ಅಸಲು ಇಷ್ಟು ಬಾಕಿ’ ಅಂತ ಬರೆದು ಕಳಿಸಬೇಕು. ಬರೀ ಹೆಬ್ಬೆರಳಿನ ಚಿತ್ರ ಸಾಲದು. ಮೂರು ತಿಂಗಳಿಗೊಮ್ಮೆ ಇಬ್ಬರೂ ಕೂತು ನೋಟಿನ ಹಿಂಬದಿಯಲ್ಲಿ ಜಮಾ ಬರೆಯಬೇಕು, ಅದಕ್ಕೆ ಮಂಜುನಾಥ ತಾರೀಖು ಹಾಕಿ ಸಹಿ ಮಾಡಬೇಕು.

4. ಕಂತು ತಪ್ಪಿದರೆ

10ನೇ ತಾರೀಖಿನ ನಂತರ ಏಳು ದಿನ ಸಡಿಲಿಕೆ. 17ರೊಳಗೆ ಬಂದರೆ ತಪ್ಪಿದ ಹಾಗಲ್ಲ. ಆದರೆ ತಡವಾಗುತ್ತದೆ ಅಂತ ಮಂಜುನಾಥ 10ರೊಳಗೇ ಒಂದು ಮಾತು ಹೇಳಬೇಕು. ಶಿವಾನಂದನಿಗೆ ಸಿಟ್ಟು ಬರುವುದು ದುಡ್ಡು ತಡವಾದಾಗ ಅಲ್ಲ, ಫೋನ್ ಎತ್ತದೆ ಇದ್ದಾಗ. ಇದನ್ನು ಬರೆಯಿರಿ ಅಂತ ಅವನೇ ಹೇಳಿದ್ದು.

17 ದಾಟಿದರೆ, ತಪ್ಪಿದ ಕಂತಿನ ಅಸಲಿಗೆ ಮಾತ್ರ, ಮಾಮೂಲಿ ಬಡ್ಡಿಯ ಮೇಲೆ ನೂರಕ್ಕೆ ತಿಂಗಳಿಗೆ 50 ಪೈಸೆ ಹೆಚ್ಚುವರಿ. ಉದಾಹರಣೆಗೆ ಫೆಬ್ರವರಿ 2026ರ ಕಂತು ಬರಲೇ ಇಲ್ಲ, ಮಾರ್ಚ್ 10ಕ್ಕೆ ಎರಡೂ ಸೇರಿಸಿ ಕಟ್ಟುತ್ತಾನೆ ಅಂದುಕೊಳ್ಳಿ. ಫೆಬ್ರವರಿಯದು 16,050. ಅಸಲು ಇಳಿದಿಲ್ಲ, ಹಾಗಾಗಿ ಮಾರ್ಚಿನ ಬಡ್ಡಿ 900ರ ಬದಲು 1,050, ಅಂದರೆ ಮಾರ್ಚಿನದೂ 16,050. ಹೆಚ್ಚುವರಿ 75. ಒಟ್ಟು 32,175 ರೂಪಾಯಿ. ಇದಕ್ಕಿಂತ ಒಂದು ರೂಪಾಯಿಯೂ ಜಾಸ್ತಿ ಕೇಳುವಂತಿಲ್ಲ.

ಮನೆಯಲ್ಲಿ ಕಾಯಿಲೆ, ಸಾವು, ಮಷಿನ್ ಕೆಟ್ಟು ಕೂತದ್ದು, ಇಂಥ ಕಾರಣಕ್ಕೆ ಒಂದೇ ಒಂದು ಸಲ ಒಂದು ಕಂತನ್ನು ಕೊನೆಗೆ ತಳ್ಳಬಹುದು. ಆಗ ಹೆಚ್ಚುವರಿ ಇಲ್ಲ, ಮಾಮೂಲಿ ಬಡ್ಡಿ ನಡೆಯುತ್ತದೆ, ಕೊನೆಯ ತಾರೀಖು 10.11.2026 ಆಗುತ್ತದೆ. ಮದುವೆ, ಜಾತ್ರೆಯ ಖರ್ಚು ಈ ಲೆಕ್ಕಕ್ಕೆ ಬರುವುದಿಲ್ಲ.

ಸತತ ಎರಡು ಕಂತು ತಪ್ಪಿದರೆ ಮೊದಲು ಇಬ್ಬರು ಸಾಕ್ಷಿಗಳ ಮುಂದೆ ಕೂತು ಮಾತಾಡಬೇಕು. ಅಲ್ಲಿ ಹೊಸ ತಾರೀಖು ಕುದುರಿದರೆ ಅದನ್ನು ಬರೆದು ನಾಲ್ವರೂ ಸಹಿ ಹಾಕಬೇಕು. ಕುದುರದಿದ್ದರೆ ಶಿವಾನಂದ ಸ್ಪೀಡ್ ಪೋಸ್ಟಿನಲ್ಲಿ 15 ದಿನದ ನೋಟಿಸ್ ಕೊಡಬಹುದು. ಆ 15 ದಿನದಲ್ಲೂ ಬಾಕಿ ಬರದಿದ್ದರೆ ಉಳಿದ ಅಸಲು, ಅಲ್ಲಿಯವರೆಗಿನ ಬಡ್ಡಿ ಎಲ್ಲಾ ಒಟ್ಟಿಗೆ ಕೊಡಬೇಕಾಗುತ್ತದೆ. ಆಗ ಶಿವಾನಂದ ಈ ಪತ್ರ ಮತ್ತು ನೋಟಿನ ಆಧಾರದ ಮೇಲೆ ಹಾವೇರಿಯ ಸಿವಿಲ್ ಕೋರ್ಟಿಗೆ ಹೋಗಬಹುದು. ಲೋಕ ಅದಾಲತ್‌ನಲ್ಲಿ ಮುಗಿಸಲು ಇಬ್ಬರಲ್ಲಿ ಒಬ್ಬ ಕೇಳಿದರೂ ಇನ್ನೊಬ್ಬ ಬರಬೇಕು.

ಮಾಡಬಾರದ್ದನ್ನೂ ಬರೆದಿಡುತ್ತೇವೆ. ಗಿರಣಿ ಮುಂದೆ ನಿಂತು ಗಿರಾಕಿಗಳ ಎದುರು ಕೇಳುವುದು, ಮಷಿನ್ ಎತ್ತಿಕೊಂಡು ಹೋಗುವುದು, ಮಂಜುನಾಥನ ತಾಯಿಗೆ ಫೋನ್ ಮಾಡುವುದು, ಈ ಮೂರೂ ಇಲ್ಲ. ಮಷಿನ್ ಅಡವು ಅಲ್ಲ. ಆದರೆ ಸಾಲ ತೀರುವ ತನಕ ಶಿವಾನಂದನಿಗೆ ತಿಳಿಸದೆ ಅದನ್ನು ಮಾರುವಂತಿಲ್ಲ. ಖಾಲಿ ಚೆಕ್ ಕೇಳಿಲ್ಲ, ಕೊಟ್ಟಿಲ್ಲ.

5. ನೋಟಿನ ಬಗ್ಗೆ

ಕೆಳಗಿನ ನೋಟು ‘ಕೇಳಿದಾಗ ಕೊಡುವ’ ನೋಟು. ನೋಟಿನಲ್ಲಿ ಷರತ್ತು ಹಾಕಿದರೆ ಅದು ನೋಟಾಗಿ ಉಳಿಯುವುದಿಲ್ಲ, ಅದಕ್ಕೆ ಷರತ್ತುಗಳೆಲ್ಲ ಈ ಪತ್ರದಲ್ಲಿವೆ. ಕಂತು ಸರಿಯಾಗಿ ಬರುತ್ತಿರುವಷ್ಟು ದಿನ, ಮತ್ತು 4ನೇ ಕಲಮಿನ ನೋಟಿಸ್ ಅವಧಿ ಮುಗಿಯುವ ತನಕ, ಶಿವಾನಂದ ನೋಟು ಮುಂದಿಟ್ಟು ಪೂರ್ತಿ ಹಣ ಕೇಳುವುದಿಲ್ಲ. ಅದನ್ನು ಬೇರೆ ಯಾರಿಗೂ ಬರೆದುಕೊಡುವುದಿಲ್ಲ. ನೋಟಿನ ಮೇಲೆ ದಾವೆ ಹಾಕಲು ಮೂರು ವರ್ಷದ ಅವಧಿ ಇದೆ ಅಂತ ಇಬ್ಬರಿಗೂ ಗೊತ್ತಿದೆ.

ಕೊನೆಯ ಕಂತು ಬಂದ ಏಳು ದಿನದೊಳಗೆ ಶಿವಾನಂದ ‘ಪೂರ್ತಿ ಸಂದಾಯವಾಗಿದೆ’ ಅಂತ ಬರೆದು, ಸಹಿ ಹಾಕಿ, ಮೂಲ ನೋಟನ್ನು ಮಂಜುನಾಥನ ಕೈಗೆ ಕೊಡಬೇಕು.

6. ಉಳಿದದ್ದು

ಇಬ್ಬರಲ್ಲಿ ಯಾರಿಗಾದರೂ ಏನಾದರೂ ಆದರೆ ಸಾಲ ಹೋಗುವುದಿಲ್ಲ. ಶಿವಾನಂದನ ವಾರಸುದಾರರಿಗೆ ಹಣ ಸೇರಬೇಕು. ಮಂಜುನಾಥನ ವಾರಸುದಾರರು ಅವನಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ ಹೊಣೆ. ಅವನ ಹೆಂಡತಿ ಗೀತಾ ಈ ಸಾಲದ ವಿಷಯ ತಿಳಿದಿದೆ ಅಂತ ಸಹಿ ಮಾಡಿದ್ದಾಳೆ, ಜಾಮೀನಾಗಿ ಅಲ್ಲ.

ಪತ್ರ ಇ-ಸ್ಟ್ಯಾಂಪ್ ಕಾಗದದ ಮೇಲೆ ಎರಡು ಪ್ರತಿ, ಒಬ್ಬೊಬ್ಬರ ಬಳಿ ಒಂದೊಂದು. ಖರ್ಚು ಅರ್ಧ ಅರ್ಧ. ಮುಂದೆ ಏನೇ ಬದಲಾವಣೆ ಆದರೂ ಬರಹದಲ್ಲೇ ಆಗಬೇಕು.

ಓದಿ, ಓದಿಸಿ ಕೇಳಿ, ಒಪ್ಪಿ ಸಹಿ ಮಾಡಿದ್ದೇವೆ.

(ಸಹಿ) ಶಿವಾನಂದ ಬಸಪ್ಪ ಹೊಸಮನಿ
(ಸಹಿ) ಮಂಜುನಾಥ ವೀರಪ್ಪ ಕೋರಿಶೆಟ್ಟರ
ವಿಷಯ ತಿಳಿದಿದೆ: (ಸಹಿ) ಗೀತಾ ಮಂಜುನಾಥ ಕೋರಿಶೆಟ್ಟರ

ಸಾಕ್ಷಿಗಳು:
1. (ಸಹಿ) ಫಕ್ಕೀರಪ್ಪ ನಿಂಗಪ್ಪ ತಳವಾರ, ಹಾವೇರಿ
2. (ಸಹಿ) ರಾಜೇಸಾಬ ಇಮಾಮಸಾಬ ಮುಲ್ಲಾ, ಬ್ಯಾಡಗಿ

---

ಪ್ರಾಮಿಸರಿ ನೋಟು

ರೂ. 1,20,000
ಹಾವೇರಿ, 10 ಅಕ್ಟೋಬರ್ 2025

ಹಾವೇರಿಯಲ್ಲಿ ವಾಸವಾಗಿರುವ ಶ್ರೀ ಶಿವಾನಂದ ಬಸಪ್ಪ ಹೊಸಮನಿ ಇವರಿಗೆ,

ಬ್ಯಾಡಗಿಯಲ್ಲಿ ವಾಸವಾಗಿರುವ ಮಂಜುನಾಥ ವೀರಪ್ಪ ಕೋರಿಶೆಟ್ಟರ ಆದ ನಾನು ಬರೆದುಕೊಟ್ಟ ನೋಟು. ತಮ್ಮಿಂದ ನಾನು ಇಂದು ಬ್ಯಾಂಕ್ ಮೂಲಕ ರೂ. 1,20,000 (ಒಂದು ಲಕ್ಷದ ಇಪ್ಪತ್ತು ಸಾವಿರ ರೂಪಾಯಿ ಮಾತ್ರ) ಪಡೆದಿದ್ದೇನೆ. ಈ ಮೊತ್ತವನ್ನು, ಇಂದಿನಿಂದ ಸಂದಾಯವಾಗುವ ದಿನದವರೆಗೆ ಬಾಕಿ ಅಸಲಿನ ಮೇಲೆ ವರ್ಷಕ್ಕೆ ಶೇಕಡಾ 12ರಂತೆ ಸರಳ ಬಡ್ಡಿ ಸಹಿತ, ತಾವು ಕೇಳಿದಾಗ ತಮಗೆ ಕೊಡುತ್ತೇನೆ ಎಂದು ಈ ಮೂಲಕ ವಚನ ಕೊಡುತ್ತೇನೆ.

(1 ರೂಪಾಯಿಯ ರೆವೆನ್ಯೂ ಸ್ಟ್ಯಾಂಪ್ ಮೇಲೆ ಅಡ್ಡ ಸಹಿ)
ಮಂಜುನಾಥ ವೀರಪ್ಪ ಕೋರಿಶೆಟ್ಟರ

ನಮ್ಮ ಎದುರಿಗೆ ಸಹಿ ಮಾಡಿದ್ದಾರೆ:
1. (ಸಹಿ) ಫಕ್ಕೀರಪ್ಪ ನಿಂಗಪ್ಪ ತಳವಾರ
2. (ಸಹಿ) ರಾಜೇಸಾಬ ಇಮಾಮಸಾಬ ಮುಲ್ಲಾ